ಅಪ್ಪನ ಕಣ್ಣಿಗೆ ಹಿಡಿಸುವ ಟೀವಿ

ಅಪ್ಪ ಸಿಟಿ ಬಸ್ಸಿನ ಡ್ರೈವರ್ ಆಗಿದ್ದರು. ಒಂದು ಬೆಳಿಗ್ಗೆ ನವರಂಗ್ ಟಾಕೀಸಿನ ಕಡೆಯಿಂದ ಬರುವಾಗ ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಬಸ್ಸಿಗೆ ಅಡ್ಡ ಬಂದ. ಕಂಡಕ್ಟರ್ ಕಿರುಚಿದ್ದಕ್ಕೆ ಅಪ್ಪ ಬ್ರೇಕ್ ಒತ್ತಿದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಸೈಕಲ್ಲು ಚಕ್ರದ ಮುಂದೆ ಬರುವವರೆಗೂ ಅದು ಅವರಿಗೆ ಕಂಡೇ ಇರಲಿಲ್ಲ. ಆ ಟ್ರಿಪ್ಪು ಮುಗಿಸಿ, ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿ, ಅವರೇ ಒಳಗೆ ಹೋಗಿ "ನನ್ನ ಕಣ್ಣು ಟೆಸ್ಟ್ ಮಾಡ್ಸಿ ಸಾರ್, ಇನ್ಮೇಲೆ ಗಾಡಿ ಕೊಡಬೇಡಿ" ಅಂದರಂತೆ.

ಗ್ಲಾಕೋಮಾ ಅಂತ ಡಾಕ್ಟರು ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಾ ಬರುತ್ತದೆ, ಮೊದಲು ಅಂಚು ಹೋಗುತ್ತದೆ, ನಡುವಿನದು ಕೊನೆಯವರೆಗೂ ಉಳಿದಿರುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿಗೆ ಆಪರೇಷನ್ ಆಯಿತು, ದಿನಾ ಹನಿ ಹಾಕುವುದಾಯಿತು. ಅಪ್ಪನಿಗೆ ಎದುರಿಗಿದ್ದವರ ಮುಖ ಕಾಣುತ್ತಿತ್ತು, ಪೇಪರಿನ ದಪ್ಪಕ್ಷರ ಓದುತ್ತಿದ್ದರು. ಆದರೆ ಕಾಲ ಬಳಿಯಿದ್ದ ಚೊಂಬು ಕಾಣುತ್ತಿರಲಿಲ್ಲ. ಕೊಳವೆಯಲ್ಲಿ ನೋಡಿದ ಹಾಗೆ, ಅನ್ನುತ್ತಿದ್ದರು. ಸ್ವಲ್ಪ ದಿನ ಡಿಪೋದಲ್ಲಿ ಕೂರಿಸಿ ಕೆಲಸ ಕೊಟ್ಟರು, ಆಮೇಲೆ ಅದನ್ನೂ ಬಿಟ್ಟು ಮನೆಗೆ ಬಂದರು.

ನಾವು ಆಗ ರಾಜಾಜಿನಗರದಲ್ಲಿ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಚಿಕ್ಕ ಜಗಲಿ. ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಟೈಪಿಸ್ಟು. ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಎದುರು ಮನೆಯವರಲ್ಲಿ. ವಾರಕ್ಕೊಂದು ಕನ್ನಡ ಸಿನಿಮಾ ಬರುವ ಸಂಜೆ ಬೀದಿಯವರೆಲ್ಲ ಅಲ್ಲೇ. ಅಪ್ಪನೂ ಹೋಗುತ್ತಿದ್ದರು, ಮಕ್ಕಳ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದರು.

ಒಂದು ಸಂಜೆ ಮಧ್ಯದಲ್ಲಿ ಎದ್ದು ಹೊರಗೆ ಬರುವಾಗ, ನೆಲದ ಮೇಲೆ ಕೂತಿದ್ದ ಒಂದು ಮಗುವಿನ ಕೈ ತುಳಿದರು. ಮಗು ಚೀರಿತು. ಗಾಬರಿಯಾಗಿ ಹಿಂದೆ ಸರಿದಾಗ ಕಾಲು ತಗುಲಿ ಕಾಫಿ ಲೋಟಗಳಿದ್ದ ತಟ್ಟೆ ಉರುಳಿತು. ಆ ಮನೆಯಾಕೆ ಕೆಟ್ಟವರಲ್ಲ, ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು, "ಕಣ್ಣೇ ಕಾಣಲ್ಲ, ಇವರಿಗ್ಯಾಕೆ ಸಿನಿಮಾ" ಅಂತ. ಎಲ್ಲರಿಗೂ ಕೇಳಿಸಿತು. ಅಪ್ಪ "ತಪ್ಪಾಯ್ತಮ್ಮ" ಅಂದು, ಗೋಡೆ ಹಿಡಿದುಕೊಂಡು ಬೀದಿ ದಾಟಿ ಬಂದರು. ಆಮೇಲೆ ಆ ಮನೆಯ ಹೊಸಿಲು ತುಳಿಯಲಿಲ್ಲ. ಸಿನಿಮಾ ಇರುವ ಸಂಜೆ ಜಗಲಿಯಲ್ಲಿ ಕೂತು, ಅಲ್ಲಿಂದ ತೇಲಿಬರುವ ಹಾಡು ಕೇಳುತ್ತಿದ್ದರು.

ಅದನ್ನು ನೋಡಲಾಗದೆ ನಾನು ಟೀವಿ ತರುವುದೆಂದು ನಿಶ್ಚಯ ಮಾಡಿದೆ. ನನ್ನ ಮದುವೆಗೆಂದು ಹಾಕುತ್ತಿದ್ದ ಚೀಟಿ ಎತ್ತಿದೆ. ಮೂರು ಸಾವಿರ ರೂಪಾಯಿ, ಅದರ ಮೇಲೆ ಕೈಯಲ್ಲಿ ಏನೂ ಇರಲಿಲ್ಲ. ಅಮ್ಮ ಬೇಡವೆನ್ನಲಿಲ್ಲ. "ಕಣ್ಣಿರೋವಾಗಲೇ ನೋಡ್ಲಿ" ಅಂದು ಒಳಗೆ ಹೋದಳು.

ಚಿಕ್ಕಪ್ಪನ ಮಗ, ನನಗೆ ತಮ್ಮ, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಲೆಕ್ಟ್ರಾನಿಕ್ಸ್ ಓದುತ್ತಿದ್ದ. ರಜ ಬಂದಾಗಲೆಲ್ಲ ನಮ್ಮ ಮನೆಗೇ ಬರುವವನು. ಅಪ್ಪನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವನೂ ಅವನೇ. ಮೂರು ಸಾವಿರದೊಳಗೆ ಯಾವ ಟೀವಿ ತಗೊಳ್ಳಲಿ, ದೊಡ್ಡ ಪರದೆಯದನ್ನೇ ತಗೊಂಡರೆ ಅಪ್ಪನಿಗೆ ಚೆನ್ನಾಗಿ ಕಾಣುತ್ತದಲ್ಲವಾ ಎಂದು ಅವನಿಗೆ ಬರೆದೆ. ವಾರದೊಳಗೆ ಉತ್ತರ ಬಂತು. ಇನ್‌ಲ್ಯಾಂಡ್ ಲೆಟರಿನ ಮೂಲೆಮೂಲೆಗೂ ತುಂಬಿಸಿ ಬರೆದಿದ್ದ.

"ಅಕ್ಕಾ, ಮೊದಲು ಒಂದು ಮಾತು. ಕಲರ್ ಟೀವಿ ಆಸೆ ಬಿಟ್ಟುಬಿಡು, ನಮ್ಮ ದುಡ್ಡಿಗೆ ಅದರ ಹತ್ತಿರಕ್ಕೂ ಹೋಗೋಕಾಗಲ್ಲ. ಬ್ಲಾಕ್ ಅಂಡ್ ವೈಟಿನಲ್ಲಿ ಎರಡು ದಾರಿ ಇವೆ. ಬಾಗಿಲಿರೋ ಮರದ ಪೆಟ್ಟಿಗೆಯ ಇಪ್ಪತ್ತು ಇಂಚು, ಇಲ್ಲ ಹದಿನಾಲ್ಕು ಇಂಚಿನ ಪೋರ್ಟಬಲ್. ಎಲ್ಲರೂ ನಿನಗೆ ದೊಡ್ಡದೇ ಅಂತಾರೆ. ನಾನು ಚಿಕ್ಕದು ಅಂತೀನಿ. ಯಾಕೆ ಅಂತ ಕೇಳು.

"ಹೋದ ರಜದಲ್ಲಿ ದೊಡ್ಡಪ್ಪ ಮಂಚದ ಮೇಲೆ ಕೂತಿದ್ದಾಗ, ಎದುರು ಗೋಡೆಯ ಕ್ಯಾಲೆಂಡರ್ ಪೂರ್ತಿ ಕಾಣ್ಸುತ್ತಾ ಅಂತ ಕೇಳ್ದೆ. ಕಾಣ್ಸುತ್ತೆ ಅಂದ್ರು. ಅದರ ಎರಡೂ ಪಕ್ಕ ನನ್ನ ಕೈ ಹಿಡಿದೆ, ಕೈ ಕಾಣಿಸಲಿಲ್ಲ. ಅಂದ್ರೆ ಅಷ್ಟು ದೂರದಿಂದ ಅವರ ಕಣ್ಣಿಗೆ ಹಿಡಿಸೋದು ಒಂದು ಕ್ಯಾಲೆಂಡರಿನ ಅಗಲ ಮಾತ್ರ. ದೃಷ್ಟಿ ಮಂಜಾದವರಿಗೆ ದೊಡ್ಡ ಪರದೆ ಒಳ್ಳೇದು, ನಿಜ. ಆದ್ರೆ ದೊಡ್ಡಪ್ಪನದು ಮಂಜಲ್ಲ, ಇಕ್ಕಟ್ಟು. ನಮ್ಮ ಕೋಣೆಯಲ್ಲಿ ದೊಡ್ಡ ಪರದೆ ಇಟ್ಟರೆ ಅವರಿಗೆ ಕಾಣೋದು ಮಧ್ಯದ ತುಂಡು, ಅಂಚಲ್ಲಿ ಯಾರು ನಿಂತಿದ್ದಾರೋ ಗೊತ್ತಾಗಲ್ಲ. ಹದಿನಾಲ್ಕು ಇಂಚಾದ್ರೆ ಇಡೀ ಚಿತ್ರ ಆ ಕೊಳವೆಯೊಳಗೆ ಕೂರುತ್ತೆ."

ಅಲ್ಲಿಂದ ಮುಂದೆ ಅವನ ವಿದ್ಯೆ ಶುರುವಾಗಿತ್ತು. ವಾಲ್ವ್ ಇರುವ ಹಳೇ ಸೆಟ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಬಿಸಿಯಾಗುತ್ತೆ, ಕರೆಂಟ್ ತಿನ್ನುತ್ತೆ, ಪದೇಪದೇ ರಿಪೇರಿಗೆ ಬರುತ್ತೆ. ಪೂರ್ತಿ ಟ್ರಾನ್ಸಿಸ್ಟರಿನದೇ ಕೇಳಿ ತಗೋ. ಚಿಕ್ಕದು ತಗೊಂಡರೆ ಉಳಿಯುವ ದುಡ್ಡಲ್ಲಿ ಒಂದು ಸ್ಟೆಬಿಲೈಸರ್ ತಗೋ, ಫ್ಯಾಕ್ಟರಿಗಳ ಪಕ್ಕದ ಬೀದಿಯಲ್ಲಿ ಓಲ್ಟೇಜ್ ನಂಬೋ ಹಾಗಿಲ್ಲ. ಮನೆಯೊಳಗಿನ ಕಡ್ಡಿ ಆಂಟೆನಾ ಸಾಲದು, ತಾರಸಿ ಮೇಲೆ ದೊಡ್ಡದನ್ನು ಕಟ್ಟಿಸು, ಇಲ್ಲದಿದ್ದರೆ ಒಂದೇ ಮುಖ ಎರಡೆರಡು ನೆರಳಾಗಿ ಕಾಣುತ್ತೆ, ದೊಡ್ಡಪ್ಪ ತಮ್ಮ ಕಣ್ಣೇ ಕೆಟ್ಟಿತು ಅಂದ್ಕೊಳ್ತಾರೆ. ಟೀವಿ ಸ್ಟೇಷನ್ ಊರಲ್ಲೇ ಇರೋದ್ರಿಂದ ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ಬೇಕಾಗಿಲ್ಲ, ಅಂಗಡಿಯವನು ತಲೆಗೆ ಕಟ್ಟೋಕೆ ಬಂದರೆ ಬೇಡ ಅನ್ನು. ಕಿಟಕಿಗೆ ಎದುರಾಗಿ ಇಡಬೇಡ, ಬೆಳಕು ಗಾಜಿಗೆ ಹೊಡೆಯುತ್ತೆ. ಪೋಸ್ಟಾಫೀಸಿನಲ್ಲಿ ಟೀವಿ ಲೈಸೆನ್ಸ್ ಮಾಡಿಸೋದು ಮರೀಬೇಡ.

ಕಾಗದ ಮಡಿಚುವ ಅಂಚಿನಲ್ಲಿ, ಜಾಗ ಸಾಲದೆ ಸಣ್ಣಕ್ಷರದಲ್ಲಿ ಹೀಗಿತ್ತು: "ಹಗಲು ಹೋಗಬೇಡ, ಸಂಜೆ ಪ್ರಸಾರ ಶುರುವಾದ ಮೇಲೆ ಹೋಗು. ದೊಡ್ಡಪ್ಪನನ್ನೂ ಕರ್ಕೊಂಡು ಹೋಗು. ಎರಡೂ ಸೆಟ್ಟು ಹಾಕಿಸಿ ತೋರಿಸು. ನನಗಿಂತ ಅವರ ಕಣ್ಣು ಹೇಳಿದ್ದೇ ಸರಿ."

ನಾನು ಆ ಕಾಗದವನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ಇಕ್ಕಟ್ಟು ಅನ್ನುವ ಮಾತು ನನ್ನ ಬಾಯಿಂದ ಬರುವಂತಿರಲಿಲ್ಲ. "ತಮ್ಮ ಚಿಕ್ಕದು ತಗೋ ಅಂದಿದ್ದಾನೆ" ಅಂದೆ ಅಷ್ಟೇ. ಅಪ್ಪ ನಕ್ಕರು. "ಹುಡುಗ ಪಾಪ ದುಡ್ಡು ಉಳಿಸೋಕೆ ನೋಡ್ತಾನೆ. ಕಣ್ಣು ಸರಿಯಿಲ್ಲದೋನಿಗೆ ದೊಡ್ಡದು ಬೇಕು ಕಣಮ್ಮ."

ಫ್ಯಾಕ್ಟರಿ ಬಿಟ್ಟು ಬಂದು, ಒಂದು ಸಂಜೆ ಅಪ್ಪನ ಕೈ ಹಿಡಿದುಕೊಂಡು ಮುಖ್ಯ ರಸ್ತೆಯ ಅಂಗಡಿಗೆ ಹೋದೆ. ಅವರು ಇಸ್ತ್ರಿ ಮಾಡಿದ ಶರಟು ಹಾಕಿದ್ದರು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಅಂಗಡಿಯೊಳಗೆ ಮರದ ಪೆಟ್ಟಿಗೆಯ ದೊಡ್ಡ ಸೆಟ್ಟಿನ ಮುಂದೆ ನಿಂತು, ಅದರ ಬಾಗಿಲನ್ನು ಕೈಯಲ್ಲಿ ಸವರಿದರು. ಪಕ್ಕಕ್ಕೆ ಸರಿಸಿದರು, ಮತ್ತೆ ಮುಚ್ಚಿದರು. ಬೀಗದ ರಂಧ್ರ ಮುಟ್ಟಿ ನೋಡಿದರು.

"ಬೀಗಾನೂ ಇದೆ ನೋಡು," ಅಂದರು ನನಗೆ. ಆ ಬೀಗದ ಮೇಲೆ ಅವರಿಗೆ ಎಷ್ಟು ಆಸೆಯಾಗಿತ್ತೆಂದರೆ ನನಗೆ ಕಾಗದವನ್ನೇ ಮರೆತುಬಿಡೋಣ ಅನ್ನಿಸಿತು.

ಅಂಗಡಿಯವರು ನನ್ನನ್ನು ನೋಡಿ, "ಸ್ವಲ್ಪ ಕಡಿಮೆ ಮಾಡಿ ಕೊಡ್ತೀನಮ್ಮ, ಯಜಮಾನರು ಇಷ್ಟಪಟ್ಟಿದ್ದಾರೆ" ಅಂದರು.

"ಎರಡೂ ಹಾಕಿ ತೋರಿಸಿ ಸಾರ್," ಅಂದೆ.

ಅಪ್ಪನಿಗೆ ಒಂದು ಸ್ಟೂಲು ಹಾಕಿದರು. ನಮ್ಮ ಮನೆಯಲ್ಲಿ ಗೋಡೆಗೂ ಮಂಚಕ್ಕೂ ಎಷ್ಟು ದೂರವೋ ಅಷ್ಟು ದೂರದಲ್ಲಿ ನಾನೇ ಎಳೆದಿಟ್ಟೆ. ದೊಡ್ಡ ಸೆಟ್ಟು ಹಾಕಿದರು. ಯಾವುದೋ ಸಂದರ್ಶನ ಬರುತ್ತಿತ್ತು. ಮೇಜಿನ ಎರಡು ಕೊನೆಯಲ್ಲಿ ಇಬ್ಬರು ಕೂತಿದ್ದರು, ಒಬ್ಬ ಹೆಂಗಸು, ಒಬ್ಬ ವಯಸ್ಸಾದ ಗಂಡಸು.

"ಹೇಗಿದೆ ಸಾರ್?" ಅಂದರು ಅಂಗಡಿಯವರು.

"ಬಹಳ ಚೆನ್ನಾಗಿದೆ. ಕನ್ನಡಿ ಥರ ಇದೆ." ಅಪ್ಪ ಮುಂದಕ್ಕೆ ಬಾಗಿದರು. "ಆದ್ರೆ ಈಯಮ್ಮ ಯಾರ ಜೊತೆ ಮಾತಾಡ್ತಿದ್ದಾಳೆ? ಒಬ್ಬಳೇ ಕೂತು ಪ್ರಶ್ನೆ ಕೇಳ್ತಿದ್ದಾಳೆ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಚಿಕ್ಕದರ ಕಡೆ ಕೈ ತೋರಿಸಿದೆ. ಆ ಸೆಟ್ಟು ಆಫ್ ಮಾಡಿ ಪಕ್ಕಕ್ಕೆ ಸರಿಸಿ, ಅದೇ ಜಾಗದಲ್ಲಿ ಚಿಕ್ಕದನ್ನು ಎತ್ತಿಟ್ಟು, ಆಂಟೆನಾ ತಂತಿ ಅದಕ್ಕೆ ಸಿಕ್ಕಿಸಿದರು. ಚಿತ್ರ ಬಂತು. ಅದೇ ಮೇಜು, ಅದೇ ಇಬ್ಬರು.

ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಓ, ಈ ಕಡೆ ಒಬ್ರು ಯಜಮಾನರಿದ್ದಾರೆ" ಅಂದರು.

"ಹೂಂ ಅಪ್ಪ."

"ಆಗಲೂ ಇದ್ರಾ?"

"ಇದ್ರು."

ಅವರು ಎದ್ದು, ಆಫ್ ಮಾಡಿದ್ದ ದೊಡ್ಡ ಸೆಟ್ಟಿನ ಹತ್ತಿರ ಹೋಗಿ ಅದರ ಬಾಗಿಲನ್ನು ತಾವೇ ಮುಚ್ಚಿದರು. ನಂತರ ಅಂಗಡಿಯವರ ಕಡೆ ತಿರುಗಿ, "ಚಿಕ್ಕದೇ ಕೊಡಿ ಸಾರ್. ಹುಡುಗ ಓದಿದೋನು, ಸರಿಯಾಗೇ ಹೇಳಿದ್ದಾನೆ" ಅಂದರು. ದನಿಯಲ್ಲಿ ಏನೂ ಇರಲಿಲ್ಲ. ಆಟೋದಲ್ಲಿ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಮಾತ್ರ ಒಮ್ಮೆ ಕೇಳಿದರು, "ಡ್ರೈವಿಂಗ್ ಮಾಡ್ತಿದ್ದಾಗ್ಲೂ ನಂಗೆ ಎಷ್ಟು ಜನ ಕಾಣ್ದೆ ಹೋಗಿರಬಹುದಮ್ಮ?"

ತಮ್ಮ ಹೇಳಿದ್ದೆಲ್ಲ ಮಾಡಿದೆವು. ತಾರಸಿಯಲ್ಲಿ ಆಂಟೆನಾ ನಿಂತಿತು, ಸ್ಟೆಬಿಲೈಸರ್ ಬಂತು, ಅಮ್ಮ ಒಂದು ಕಸೂತಿಯ ಬಟ್ಟೆ ಹೊದಿಸಿದಳು. ಮೂರು ಸಾವಿರದಲ್ಲಿ ಇಷ್ಟೇ ಇಷ್ಟು ತಂದಿರಾ ಎಂದು ಬೀದಿಯವರು ನಕ್ಕರು. ಅಪ್ಪ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆತ್ತದ ಕುರ್ಚಿಯನ್ನು ಕೋಣೆಯ ಮಧ್ಯಕ್ಕೆ ಎಳೆದುಕೊಂಡು ಸಂಜೆಯಿಂದ ಕೂರುತ್ತಿದ್ದರು. ಕೃಷಿಯ ಕಾರ್ಯಕ್ರಮ, ಹಿಂದಿ ವಾರ್ತೆ, ಏನು ಬಂದರೂ ಸರಿ. ಸಿನಿಮಾದಲ್ಲಿ ಬಸ್ಸು ಬಂದರೆ ಡ್ರೈವರನ್ನು ಬೈಯುತ್ತಿದ್ದರು: "ಕ್ಲಚ್ ಬಿಡೋದು ನೋಡು ಮುಂಡೇದು!" ಎದುರು ಮನೆಯಾಕೆ ಒಂದು ದಿನ ಆ ಮಗುವನ್ನು ಕರೆದುಕೊಂಡು ಬಂದು, ಬಾಗಿಲಲ್ಲಿ ನಿಂತರು. ಅಪ್ಪ ಮಗುವನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಪರದೆಯ ಮೇಲೆ ಚಿತ್ರ ನಿಲ್ಲದೆ ಮೇಲಕ್ಕೆ ಉರುಳತೊಡಗಿದರೆ ಎದ್ದು ಹೋಗಿ, ಟೀವಿಯ ಹಿಂದಿನ ತಿರುಪನ್ನು ಸ್ವಲ್ಪವೇ ತಿರುಗಿಸಿ ನಿಲ್ಲಿಸುತ್ತಿದ್ದವರು ಅವರೇ. ಇನ್ನೊಬ್ಬರನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಕುರ್ಚಿ ಯಾವಾಗ ಹಿಂದಕ್ಕೆ ಹೋಗತೊಡಗಿತೋ ನನಗೆ ಗೊತ್ತಾಗಲಿಲ್ಲ. ಗುಡಿಸುವಾಗ ಅಮ್ಮನೇ ಮೊದಲು ಗಮನಿಸಿದಳು. "ನಿಮ್ಮಪ್ಪ ಗೋಡೆ ಹತ್ರ ಹತ್ರ ಹೋಗ್ತಾ ಇದ್ದಾರೆ" ಅಂದಳು. ಹತ್ತಿರದಿಂದ ನೋಡಿದರೆ ಕಣ್ಣು ನೋಯುತ್ತದೆಂದು ಅಪ್ಪ ಹೇಳಿದರು. ನಾನು ನಂಬಿದೆ, ನಂಬಬೇಕಾಗಿತ್ತು. ಆದರೆ ತಮ್ಮ ರಜಕ್ಕೆ ಬಂದವನು ಬಾಗಿಲಲ್ಲೇ ನಿಂತು ಆ ಕುರ್ಚಿಯನ್ನು ನೋಡಿದ. ಚಪ್ಪಲಿ ಕೂಡ ಬಿಡಲಿಲ್ಲ. ನನ್ನನ್ನು ಹೊರಗೆ ಕರೆದ.

"ಅಕ್ಕಾ, ಕೊಳವೆ ಸಣ್ಣದಾಗ್ತಾ ಇದೆ. ಇಡೀ ಚಿತ್ರ ಹಿಡಿಸ್ಕೊಳ್ಳೋಕೆ ಹಿಂದೆ ಹಿಂದೆ ಹೋಗ್ತಿದ್ದಾರೆ."

"ಹನಿ ದಿನಾ ಹಾಕ್ತೀನಿ ಕಣೋ. ಒಂದು ಹೊತ್ತೂ ತಪ್ಪಿಸಿಲ್ಲ."

"ಗೊತ್ತು ಅಕ್ಕಾ."

ಆಸ್ಪತ್ರೆಗೆ ಮತ್ತೆ ಹೋದೆವು. ಡಾಕ್ಟರು ಹನಿ ಬದಲಾಯಿಸಿದರು. ಅಮ್ಮ ಟ್ರಂಕು ಪಕ್ಕಕ್ಕೆ ಸರಿಸಿ, ಕುರ್ಚಿಗೆ ಗೋಡೆಯ ತನಕ ಜಾಗ ಮಾಡಿಕೊಟ್ಟಳು. ಗೋಡೆಯೂ ಸಾಲದಾದಾಗ ಅಪ್ಪ ಕುರ್ಚಿಯನ್ನು ಜಗಲಿಗೆ ತೆಗೆದುಕೊಂಡು ಹೋಗಿ, ತೆರೆದ ಬಾಗಿಲಿನಿಂದ ಒಳಗೆ ನೋಡತೊಡಗಿದರು. ಗಾಳಿ ಚೆನ್ನಾಗಿ ಬರುತ್ತೆ ಅಂದರು. ನಾವು ಟೀವಿಯನ್ನು ಬಾಗಿಲಿಗೆ ನೇರವಾಗಿ ತಿರುಗಿಸಿಟ್ಟೆವು. ಒಳಗೆ ನಾನೂ ಅಮ್ಮನೂ, ಹೊರಗೆ ಸಣ್ಣ ಚಳಿಯಲ್ಲಿ ಶಾಲು ಹೊದ್ದು ಅವರು. ನಾವು ನಕ್ಕಾಗ ಅವರೂ ನಗುತ್ತಿದ್ದರು.

ಒಂದು ಸಂಜೆ ಫ್ಯಾಕ್ಟರಿಯಿಂದ ಬಂದೆ. ಅಮ್ಮ ಹಾಲು ತರಲು ಹೋಗಿದ್ದಳು. ಅಪ್ಪ ಎಂದಿನಂತೆ ಜಗಲಿಯ ಕುರ್ಚಿಯಲ್ಲಿ, ಟೀವಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಒಳಗಿನಿಂದ ಯಾವುದೋ ನಾಟಕದ ಮಾತು ಕೇಳುತ್ತಿತ್ತು. ನಾನು ಅವರನ್ನು ದಾಟಿ ಒಳಗೆ ಹೋಗಿ ನೋಡಿದರೆ, ಚಿತ್ರ ಉರುಳುತ್ತಿದೆ. ಒಂದರ ಮೇಲೊಂದು, ಕೆಳಗಿನಿಂದ ಮೇಲಕ್ಕೆ, ನಿಲ್ಲದೆ. ಯಾರ ಮುಖವೂ ಮುಖವಾಗಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗಿತ್ತೋ.

"ಅಪ್ಪ, ಚಿತ್ರ ಉರುಳ್ತಾ ಇದೆಯಲ್ಲ."

ಅವರು ಶಾಲು ಸರಿಮಾಡಿಕೊಂಡರು. ಆಮೇಲೆ, "ಹೌದಾ? ಈಗ ತಾನೇ ಶುರುವಾಯ್ತೇನೋ" ಅಂದರು.

ನಾನು ಹಿಂದಿನ ತಿರುಪನ್ನು ತಿರುಗಿಸಿದೆ. ಮೊದಲು ಜಾಸ್ತಿಯಾಯಿತು, ಕೆಳಮುಖವಾಗಿ ಉರುಳಿತು. ಮತ್ತೆ ತಿರುಗಿಸಿದೆ, ನಿಂತಿತು.

"ಈಗ ಸರಿ ಹೋಯ್ತಪ್ಪ."

"ಹೂಂ, ಈಗ ಚೆನ್ನಾಗಿದೆ," ಅಂದರು ಅಪ್ಪ.

ನಾನು ಟೀವಿಯ ಹಿಂದೆಯೇ, ಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ಕೂತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡೆ. ಅಷ್ಟಾದರೂ ಕೇಳಿಸಿರಬೇಕು. ಕುರ್ಚಿ ಸರಿದ ಸದ್ದಾಯಿತು, ಗೋಡೆ ಸವರುತ್ತಾ ಒಳಗೆ ಬಂದರು. ನನ್ನ ತಲೆ ಅವರ ಕೈಗೆ ಸಿಕ್ಕಿತು.

"ನಿಮ್ಮಮ್ಮನಿಗೆ ಹೇಳ್ಬೇಡ," ಅಂದರು. "ಇನ್ನೊಂದು ಸ್ವಲ್ಪ ದಿನ ನಾನು ನೋಡ್ತಿದೀನಿ ಅಂತಲೇ ಇರ್ಲಿ. ನೀನು ಕಷ್ಟಪಟ್ಟು ತಂದಿದ್ದು ಕಣಮ್ಮ, ಎದ್ದು ಹೋಗೋಕೆ ಮನಸ್ಸಾಗ್ಲಿಲ್ಲ."

ಅಮ್ಮನಿಗೆ ಹೇಳಬೇಕಾಗಿ ಬರಲಿಲ್ಲ, ಅವಳಿಗೆ ಗೊತ್ತಿತ್ತು. ಅಪ್ಪನಿಗಾಗಿ ಅವಳೂ ಸುಮ್ಮನಿದ್ದಳು.

ಆಮೇಲೆ ನಾನು ಅಪ್ಪನ ಪಕ್ಕ ಕೂತು ಹೇಳತೊಡಗಿದೆ. ಈಗ ಒಳಗೆ ಬಂದ, ಕೈಯಲ್ಲಿ ಪತ್ರ ಇದೆ, ಅವಳು ತಿರುಗಿ ನೋಡಲಿಲ್ಲ, ಹೀಗೆ. ಮೊದಮೊದಲು ಮಾತು ಸಿಗುತ್ತಿರಲಿಲ್ಲ, ಬರಬರುತ್ತಾ ರೂಢಿಯಾಯಿತು. ಕುರ್ಚಿ ಮತ್ತೆ ಒಳಗೆ ಬಂತು, ಈಗ ಎಲ್ಲಿದ್ದರೂ ಒಂದೇ. ತಮ್ಮ ಓದು ಮುಗಿಸಿ ಬಂದಾಗ ಟೀವಿಗೆ ಒಂದು ಬೇರೆ ಸ್ಪೀಕರ್ ಜೋಡಿಸಿ ಕುರ್ಚಿಯ ಪಕ್ಕದಲ್ಲಿಟ್ಟ. ಕೆಲಸ ಮುಗಿಸಿ ಜಗಲಿಗೆ ಬಂದು, "ಕಣ್ಣು ಇನ್ನೂ ತುಂಬಾ ವರ್ಷ ಬರುತ್ತೆ ಅಂದ್ಕೊಂಡಿದ್ದೆ ಅಕ್ಕಾ" ಅಂದ. "ನೀನು ಹೇಳಿದ್ದಕ್ಕೇ ಅಷ್ಟಾದ್ರೂ ನೋಡಿದ್ರು ಕಣೋ," ಅಂದೆ. ಅವನು ಕಂಬ ಹಿಡಿದುಕೊಂಡು ಅತ್ತ. ಅಷ್ಟು ಉದ್ದದ ಹುಡುಗ ಹಾಗೆ ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಮುಂದಿನ ವರ್ಷ ನನ್ನನ್ನು ನೋಡಲು ವಿಜಯನಗರದಿಂದ ಒಂದು ಮನೆಯವರು ಬಂದರು. ಅವರು ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದರು. "ದನಿ ಚೆನ್ನಾಗಿದೆ. ಹುಡುಗ ನೋಡೋಕೆ ಹೇಗಿದ್ದಾನೆ, ನೀನೇ ಹೇಳು."

ನಾಚಿಕೆಯಾಯಿತು. ಆದರೂ ಹೇಳಿದೆ. ಎತ್ತರ, ಸ್ವಲ್ಪ ಸೊಟ್ಟ ಹಲ್ಲು, ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ, ಕಾಫಿ ಲೋಟವನ್ನು ತಾವೇ ಒಳಗೆ ತಂದಿಟ್ಟರು. ಅಪ್ಪ ಕಣ್ಣು ಮುಚ್ಚಿ ಕೇಳಿದರು. "ಸಾಕು. ಒಳ್ಳೇ ಹುಡುಗ," ಅಂದರು.

ಮದುವೆಯಾಗಿ ವಿಜಯನಗರಕ್ಕೆ ಹೋದ ಮೇಲೆ ನನಗಿದ್ದ ದೊಡ್ಡ ಚಿಂತೆ, ಇನ್ನು ಅಪ್ಪನಿಗೆ ಯಾರು ಹೇಳುತ್ತಾರೆ ಅಂತ. ಅಮ್ಮ ಮಾತು ಕಡಿಮೆ, ಸಿನಿಮಾ ಕಥೆ ಅವಳ ತಲೆಗೆ ಹತ್ತುತ್ತಿರಲಿಲ್ಲ. ಒಂದು ಸಂಜೆ ಹೇಳದೆ ಕೇಳದೆ ತವರಿಗೆ ಹೋದೆ. ಬಾಗಿಲು ಮುಂದಕ್ಕೆ ಎಳೆದಿತ್ತು, ಒಳಗೆ ಹಾಡು ಬರುತ್ತಿತ್ತು.

"ಏನುಟ್ಟಿದ್ದಾಳೆ?" ಅಪ್ಪ ಕೇಳುತ್ತಿದ್ದರು.

"ಹಸಿರು ಸೀರೆ."

"ಎಂಥ ಹಸಿರು?"

ಅಮ್ಮ ಸ್ವಲ್ಪ ಯೋಚಿಸಿದಳು. "ಎಳೇ ಬಾಳೆ ಎಲೆ ಥರದ್ದು. ಅಂಚು ಕೆಂಪು. ನನ್ನ ಮದುವೇಲಿ ನಮ್ಮಕ್ಕ ಉಟ್ಟಿರಲಿಲ್ವಾ, ಅಂಥದ್ದು."

"ಹೂಂ, ಹೂಂ. ಕುಪ್ಪಸ?"

"ಅರಿಶಿನದ ಬಣ್ಣ."

ಬಾಗಿಲ ಸಂದಿಯಿಂದ ನನಗೆ ಟೀವಿ ಕಾಣುತ್ತಿತ್ತು. ಕಪ್ಪು ಬಿಳುಪಿನ ಆ ಚಿಕ್ಕ ಪರದೆಯ ಮೇಲೆ ಯಾರೋ ಒಬ್ಬಳು ಬೂದು ಸೀರೆಯಲ್ಲಿ, ಬೂದು ಮರದ ಕೆಳಗೆ ಹಾಡುತ್ತಿದ್ದಳು. ಹಾಡು ಮುಗಿಯುವವರೆಗೂ ನಾನು ಹೊರಗೇ ನಿಂತಿದ್ದೆ.